ಮೇಲ್‌ನಲ್ಲಿ ತಪ್ಪು ಮೊತ್ತ ಹೋಯ್ತಾ? ಎರಡನೇ ಮೇಲ್ ಹೀಗಿರಲಿ

ಕುರ್ಚಿಗಳ ಕೊಟೇಶನ್ ಕಳಿಸಿದ್ದೀರಿ ಅಂದ್ಕೊಳ್ಳಿ. ₹87,320 ಇರಬೇಕಾದ ಕಡೆ ₹78,320 ಹೋಗಿದೆ. ಜಿಮೇಲ್‌ನ Undo ಸಿಗೋದು ಹೆಚ್ಚಂದ್ರೆ 30 ಸೆಕೆಂಡ್, ಅದೂ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಹೆಚ್ಚಿಸಿಟ್ಟಿದ್ರೆ. ಅದು ದಾಟಿದ್ರೆ ಇನ್ನೊಂದು ಮೇಲ್ ಹಾಕಲೇಬೇಕು.

ಹೊಸ ಮೇಲ್ ಬೇಡ. Sent ಒಳಗೆ ಹೋಗಿ, ಅದೇ ಮೇಲ್ ತೆರೆದು Reply all ಒತ್ತಿ. ಸಿಸಿಯಲ್ಲಿದ್ದ ಅಕೌಂಟ್ಸ್‌ನವರಿಗೆ ತಿದ್ದುಪಡಿ ಹೋಗದಿದ್ರೆ ಅವರು ಹಳೇ ಮೊತ್ತಕ್ಕೇ ಪರ್ಚೇಸ್ ಆರ್ಡರ್ ಮಾಡಿಬಿಡಬಹುದು. ನಾನಾದ್ರೆ ಇಷ್ಟೇ ಬರೀತೀನಿ:

"ಸರ್, ಬೆಳಿಗ್ಗೆ ಕಳಿಸಿದ ಕೊಟೇಶನ್‌ನಲ್ಲಿ ಒಟ್ಟು ಮೊತ್ತ ತಪ್ಪಾಗಿದೆ. ಸರಿಯಾದ ಮೊತ್ತ ₹87,320, ₹78,320 ಅಲ್ಲ. ಕುರ್ಚಿಯ ದರ, ಡೆಲಿವರಿ ದಿನಾಂಕ ಬದಲಾಗಿಲ್ಲ. ತಿದ್ದಿದ ಪ್ರತಿ ಲಗತ್ತಿಸಿದ್ದೇನೆ, ದಯವಿಟ್ಟು ಇದನ್ನೇ ಬಳಸಿ. ತೊಂದರೆಗೆ ಕ್ಷಮಿಸಿ."

ಇದರಲ್ಲಿ ಜನ ಮರೆಯೋದು 'ಬದಲಾಗಿಲ್ಲ' ಅನ್ನೋ ಸಾಲನ್ನ. ಅದಿಲ್ಲದಿದ್ರೆ ಓದೋರು ಇನ್ನೇನೇನು ತಪ್ಪಿದೆಯೋ ಅಂತ ಇಡೀ ಫೈಲ್ ಮತ್ತೆ ನೋಡ್ತಾರೆ. ತಪ್ಪು ಯಾಕಾಯ್ತು, ಎಕ್ಸೆಲ್ ಹೇಗೆ ಕೈಕೊಟ್ಟಿತು ಅನ್ನೋ ಕಥೆ ಅವರಿಗೆ ಬೇಕಿಲ್ಲ. ಕ್ಷಮೆ ಒಂದು ಸಲ ಸಾಕು.

Reply ಮಾಡಿದಾಗ ಹಳೇ ಲಗತ್ತು ಜೊತೆಗೆ ಬರಲ್ಲ, ಹೊಸದನ್ನ ನೀವೇ ಸೇರಿಸಬೇಕು. ಎರಡಕ್ಕೂ ಒಂದೇ ಹೆಸರಿದ್ರೆ ಡೌನ್‌ಲೋಡ್ ಮಾಡಿದವರಿಗೆ ಯಾವುದು ಯಾವುದೋ ಗೊತ್ತಾಗಲ್ಲ. ಹೆಸರಿನ ಕೊನೆಗೆ `Rev1` ಹಾಕಿ, ಕಳಿಸೋ ಮೊದಲು ಲಗತ್ತನ್ನ ಅಲ್ಲೇ ತೆರೆದು ಮೊತ್ತ ನೋಡಿ.

ಬೇರೆ ಗ್ರಾಹಕರ ಫೈಲ್ ಅಥವಾ ಸಂಬಳದ ಪಟ್ಟಿ ಹೋಗಿದ್ರೆ ಮಾತ್ರ ಇಷ್ಟು ಸಾಲದು. ಮೊದಲು ಫೋನ್ ಮಾಡಿ, ತೆರೆಯದೆ ಡಿಲೀಟ್ ಮಾಡೋಕೆ ಕೇಳಿ, ನಿಮ್ಮ ಮ್ಯಾನೇಜರ್‌ಗೂ ತಕ್ಷಣ ತಿಳಿಸಿ.