ಶೀರ್ಷಿಕೆ ತಿದ್ದಿದಿರಿ, ಇಮೇಲ್‌ನಲ್ಲಿ ತಿದ್ದಿದಿರಾ?

ಸಂಶೋಧನಾ ಪತ್ರಿಕೆಗೆ ಮೊದಲ ಸಲ ಲೇಖನ ಕಳಿಸುವಾಗ ಎಲ್ಲರೂ ಹತ್ತು ಸಲ ಓದಿ ನೋಡುತ್ತಾರೆ. ಎಡವುವುದು ಎರಡನೇ ಸಲ. ರಿವ್ಯೂವರ್‌ಗಳು ಹೇಳಿದ ತಿದ್ದುಪಡಿಗಳನ್ನೆಲ್ಲ ಮುಗಿಸಿ, ಸಾಕಪ್ಪ ಎನ್ನಿಸಿದ ಹೊತ್ತಿನಲ್ಲಿ ಬರೆಯುವ ನಾಲ್ಕು ಸಾಲಿನ ಇಮೇಲ್‌ನಲ್ಲಿ ತಪ್ಪು ನುಸುಳುತ್ತದೆ. ಶೀರ್ಷಿಕೆಯೇ ಬದಲಾಗಿದ್ದರಂತೂ ಕೇಳುವುದೇ ಬೇಡ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಧ್ಯಾಪಕಿಯೊಬ್ಬರು ‘ಕೋಲಾರ ಜಿಲ್ಲೆಯ ಕೆರೆ ತೂಬುಗಳು: ಒಂದು ಅಧ್ಯಯನ’ ಎಂಬ ಲೇಖನ ಕಳಿಸುತ್ತಾರೆ. ಪತ್ರಿಕೆಯವರು ಅದಕ್ಕೆ KS-31 ಎಂಬ ಸಂಖ್ಯೆ ಕೊಡುತ್ತಾರೆ. ಕೆಲವು ತಿಂಗಳಾದ ಮೇಲೆ ರಿವ್ಯೂವರ್ ಆಕ್ಷೇಪ ಬರುತ್ತದೆ: ನೀವು ನೋಡಿರುವ ಕೆರೆಗಳೆಲ್ಲ ಒಂದೇ ತಾಲ್ಲೂಕಿನವು, ಶೀರ್ಷಿಕೆಯಲ್ಲಿ ಇಡೀ ಜಿಲ್ಲೆಯನ್ನು ಹೇಳುವುದು ಸರಿಯಲ್ಲ, ಲೇಖನದ ನಿಜವಾದ ತಿರುಳು ನೀರುಗಂಟಿಗಳ ಕೆಲಸ, ಅದು ಶೀರ್ಷಿಕೆಯಲ್ಲಿಲ್ಲ. ಮಾತು ನ್ಯಾಯವಾದದ್ದೇ. ಅವರು ‘ಮುಳಬಾಗಿಲು ತಾಲ್ಲೂಕಿನ ಕೆರೆ ತೂಬುಗಳು ಮತ್ತು ನೀರುಗಂಟಿಗಳು’ ಎಂದು ಬದಲಿಸುತ್ತಾರೆ.

ಬದಲಿಸಿದ್ದು ಎಲ್ಲಿ? ಲೇಖನದ ಮೊದಲ ಪುಟದಲ್ಲಿ. ಆದರೆ ಅಷ್ಟು ಹೊತ್ತಿಗೆ ಹಳೆಯ ಶೀರ್ಷಿಕೆ ಇನ್ನೆಷ್ಟೋ ಕಡೆ ಕೂತಿರುತ್ತದೆ: ಪುಟದ ತಲೆಯಲ್ಲಿ ಓಡುವ ಚಿಕ್ಕ ಸಾಲಿನಲ್ಲಿ, ಇಂಗ್ಲಿಷ್ ಸಾರಾಂಶದ ಮೇಲೆ, ಸಂಪಾದಕರಿಗೆ ಬರೆದ ಪತ್ರದಲ್ಲಿ, ಹಕ್ಕುಸ್ವಾಮ್ಯದ ಫಾರಂನಲ್ಲಿ, ಫೈಲಿನ ಹೆಸರಿನಲ್ಲಿ. ಪತ್ರಿಕೆಗೆ ಆನ್‌ಲೈನ್ ಪೋರ್ಟಲ್ ಇದ್ದರೆ ಅಲ್ಲಿನ ಶೀರ್ಷಿಕೆಯ ಚೌಕ ಬೇರೆ. ಪರಿಷ್ಕೃತ ಪ್ರತಿ ಹಾಕುವಾಗ ಆ ಚೌಕದಲ್ಲಿ ಮೊದಲ ಸಲ ತುಂಬಿದ್ದೇ ಸಾಮಾನ್ಯವಾಗಿ ಹಾಗೇ ಬಂದು ನಿಂತಿರುತ್ತದೆ. ಹೊಸ ಫೈಲ್ ಏರಿಸಿದ ಮಾತ್ರಕ್ಕೆ ಅದು ತಾನಾಗಿ ಬದಲಾಗುತ್ತದೆಂದು ನಂಬಿ ಕೂರುವಂತಿಲ್ಲ. ಅಂಗೀಕಾರ ಪತ್ರ ಆ ಚೌಕದಿಂದ ತಯಾರಾಗುತ್ತದೆ, ಅಚ್ಚಿನ ಕರಡು ಫೈಲಿನಿಂದ ತಯಾರಾಗುತ್ತದೆ. ಎರಡೂ ಹೊಂದದೆ ಹೋದರೆ, ಬಡ್ತಿಯ ಅರ್ಜಿಗೆ ಲಗತ್ತಿಸುವ ಅಂಗೀಕಾರ ಪತ್ರದಲ್ಲಿ ಒಂದು ಹೆಸರು, ಪ್ರಕಟವಾದ ಲೇಖನಕ್ಕೆ ಇನ್ನೊಂದು ಹೆಸರು.

ಹಳೆಯದನ್ನು ಹುಡುಕಲು Ctrl+F ಇದೆಯಲ್ಲ ಎನ್ನಬಹುದು. ಇದೆ, ಆದರೆ ಕನ್ನಡದಲ್ಲಿ ಅದನ್ನು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಒಂದು ಕಡೆ ‘ತಾಲ್ಲೂಕು’, ಇನ್ನೊಂದು ಕಡೆ ‘ತಾಲೂಕು’ ಎಂದು ಟೈಪಾಗಿದ್ದರೆ ಒಂದಕ್ಕೆ ಹುಡುಕಿದಾಗ ಮತ್ತೊಂದು ಸಿಗುವುದಿಲ್ಲ. ಆದ್ದರಿಂದ ಇಡೀ ಶೀರ್ಷಿಕೆಯ ಬದಲು ‘ಕೋಲಾರ’ ಎಂಬಂಥ ಚಿಕ್ಕ ತುಂಡನ್ನು ಹುಡುಕಬೇಕು, ಸಿಕ್ಕ ಪ್ರತಿಯೊಂದನ್ನೂ ಕಣ್ಣಿಟ್ಟು ನೋಡಬೇಕು. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಲು ಹೋದರೆ, ಮುಳಬಾಗಿಲು ಕೋಲಾರ ಜಿಲ್ಲೆಯಲ್ಲಿದೆ ಎಂಬ ಸರಿಯಾದ ವಾಕ್ಯವೂ ಕೆಡುತ್ತದೆ.

ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಲೇಖನ ಟೈಪು ಮಾಡಿದವರಿಗೆ ಇನ್ನೊಂದು ತೊಡಕಿದೆ. ಅಲ್ಲಿಂದ ಶೀರ್ಷಿಕೆಯನ್ನು ಕಾಪಿ ಮಾಡಿ ಇಮೇಲ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರುತ್ತವೆ. ಕಳಿಸುವವರಿಗೆ ಅದು ಕಣ್ಣಿಗೆ ಬಿದ್ದು, ಅವಸರದಲ್ಲಿ ಕೈಯಾರೆ ಟೈಪು ಮಾಡುತ್ತಾರೆ, ಆಗ ‘ಮತ್ತು’ ಹೋಗಿ ‘ಹಾಗೂ’ ಆಗುತ್ತದೆ. ಯೂನಿಕೋಡ್‌ಗೆ ಬದಲಿಸಿದ ಪ್ರತಿಯಿಂದಲೇ ಶೀರ್ಷಿಕೆಯನ್ನು ಎತ್ತಿಕೊಳ್ಳುವುದು ಮೇಲು. ಫೈಲಿನ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟರೆ ಯಾವ ಕಂಪ್ಯೂಟರೂ ತಕರಾರು ತೆಗೆಯುವುದಿಲ್ಲ.

ಇನ್ನು ಲಗತ್ತು. ಪರಿಷ್ಕೃತ ಸಲ್ಲಿಕೆಯಲ್ಲಿ ಸಾಮಾನ್ಯವಾಗಿ ಮೂರು ಫೈಲ್ ಕೇಳುತ್ತಾರೆ: ತಿದ್ದಿದ ಗುರುತುಗಳಿರುವ ಪ್ರತಿ, ಗುರುತಿಲ್ಲದ ಶುದ್ಧ ಪ್ರತಿ, ರಿವ್ಯೂವರ್‌ಗಳಿಗೆ ಉತ್ತರ. ವರ್ಡ್‌ನಲ್ಲಿ No Markup ಎಂದು ಆರಿಸಿದರೆ ಕೆಂಪು ಗೀಟುಗಳೆಲ್ಲ ಮಾಯವಾಗುತ್ತವೆ. ಅದನ್ನೇ ಶುದ್ಧ ಪ್ರತಿ ಎಂದು ಕಳಿಸುವವರು ಬಹಳ. ಅಲ್ಲಿ ಗುರುತುಗಳು ಮರೆಯಾಗಿವೆ ಅಷ್ಟೇ, ಅಳಿಸಿಲ್ಲ. ಸಂಪಾದಕರ ಕಂಪ್ಯೂಟರಿನಲ್ಲಿ ಹಳೆಯ ಶೀರ್ಷಿಕೆಗೆ ಗೀಟು ಹೊಡೆದು ಪಕ್ಕದಲ್ಲೇ ಹೊಸದು ಅಂಟಿಕೊಂಡು ಕಾಣಬಹುದು. Accept All Changes ಒತ್ತಿ, ಅಂಚಿನಲ್ಲಿರುವ ಕಾಮೆಂಟ್‌ಗಳನ್ನು ಬೇರೆಯಾಗಿ ಅಳಿಸಿ, ಫೈಲನ್ನು ಮುಚ್ಚಿ ಮತ್ತೆ ತೆರೆದು ನೋಡಿದರೇ ಖಾತ್ರಿ. ಲೇಖಕರ ಹೆಸರು ಗುಟ್ಟಾಗಿರಬೇಕಾದ ಪತ್ರಿಕೆಯಾದರೆ ಫೈಲಿನ ಗುಣವಿವರಗಳಲ್ಲಿ ಹೆಸರು ಉಳಿದಿದೆಯೇ ಎಂದೂ ನೋಡಬೇಕು. ಹಳೆಯ ಶೀರ್ಷಿಕೆ ಅಲ್ಲೂ ಅಡಗಿರುವುದುಂಟು. ಪಿಡಿಎಫ್ ಮಾಡಿದಾಗ ಬ್ರೌಸರಿನ ಟ್ಯಾಬಿನ ಮೇಲೆ ಅದೇ ಎದ್ದು ಕಾಣುತ್ತದೆ.

ಈ ಹಂತದ ಅಜಾಗ್ರತೆ ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ 2014ರಲ್ಲಿ ‘ಇಥಾಲಜಿ’ ಎಂಬ ಪ್ರಾಣಿವರ್ತನೆಯ ಪತ್ರಿಕೆಯಲ್ಲಿ ನಡೆದದ್ದೇ ಸಾಕ್ಷಿ. ಮೀನುಗಳ ಕುರಿತ ಪ್ರಬಂಧವೊಂದರ ನಡುವೆ, ಇಂಥವರ ಕಳಪೆ ಲೇಖನವನ್ನು ಇಲ್ಲಿ ಉಲ್ಲೇಖಿಸಬೇಕೇ ಎಂದು ಲೇಖಕರು ತಮ್ಮೊಳಗೇ ಕೇಳಿಕೊಂಡಿದ್ದ ಟಿಪ್ಪಣಿ ಆವರಣದ ಸಮೇತ ಪ್ರಕಟವಾಗಿಬಿಟ್ಟಿತ್ತು. ಅದು ರಿವ್ಯೂ ಮುಗಿದ ಮೇಲಿನ ತಿದ್ದುಪಡಿಯಲ್ಲಿ ಸೇರಿಕೊಂಡದ್ದು ಎಂದು ಲೇಖಕರೊಬ್ಬರು ಆಮೇಲೆ ಹೇಳಿದರು. ರಿವ್ಯೂವರ್‌ಗಳ ಕಣ್ಣಿಗೆ ಅದು ಬೀಳುವ ಪ್ರಶ್ನೆಯೇ ಇರಲಿಲ್ಲ.

ಇಮೇಲ್‌ಗೆ ಫೈಲ್ ಲಗತ್ತಿಸಿದ ಕ್ಷಣದಲ್ಲಿ ಅದರ ಒಂದು ನಕಲು ಅಲ್ಲಿ ಸೇರಿಕೊಳ್ಳುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಮೂಲವನ್ನು ಎಷ್ಟು ತಿದ್ದಿದರೂ ಆ ನಕಲಿಗೆ ಗೊತ್ತಾಗುವುದಿಲ್ಲ. ಡ್ರಾಫ್ಟಿನಲ್ಲಿ ಎರಡು ದಿನ ಕೂತ ಇಮೇಲ್ ಹಳೆಯ ಪ್ರತಿಯನ್ನು ಹೊತ್ತು ಹೋಗುವುದು ಹೀಗೆ. ಜಿಮೇಲ್‌ನಲ್ಲಿ 25 ಎಂಬಿ ಮೀರಿದ ಫೈಲು ಡ್ರೈವ್‌ನ ಲಿಂಕ್ ಆಗಿ ಹೋಗುತ್ತದೆ, ಆಗ ಕಥೆ ಉಲ್ಟಾ: ಕಳಿಸಿದ ಮೇಲೆ ಡ್ರೈವ್‌ನಲ್ಲಿರುವ ಆ ಫೈಲನ್ನು ತಿದ್ದಿದರೆ ಸಂಪಾದಕರಿಗೆ ಕಾಣುವುದೂ ಬದಲಾಗುತ್ತದೆ. ಯಾವುದನ್ನು ಅಂಗೀಕರಿಸಿದ್ದು ಎಂಬುದೇ ಆಮೇಲೆ ಗೊಂದಲ. ಚಿತ್ರಗಳ ಗಾತ್ರ ಇಳಿಸಿ ಲಗತ್ತಾಗಿಯೇ ಕಳಿಸುವುದು ನನಗೆ ಸರಿ ಕಾಣುತ್ತದೆ.

ಪತ್ರದ ಒಕ್ಕಣೆ ಇಷ್ಟಿದ್ದರೆ ಸಾಕು:

“ಮಾನ್ಯ ಸಂಪಾದಕರೇ, KS-31 ಸಂಖ್ಯೆಯ ಲೇಖನದ ಪರಿಷ್ಕೃತ ಪ್ರತಿಯನ್ನು ಕಳಿಸುತ್ತಿದ್ದೇನೆ. ರಿವ್ಯೂವರ್ ಸಲಹೆಯಂತೆ ಶೀರ್ಷಿಕೆ ಬದಲಾಗಿದೆ. ಹಿಂದಿನದು: ‘ಕೋಲಾರ ಜಿಲ್ಲೆಯ ಕೆರೆ ತೂಬುಗಳು: ಒಂದು ಅಧ್ಯಯನ’. ಈಗಿನದು: ‘ಮುಳಬಾಗಿಲು ತಾಲ್ಲೂಕಿನ ಕೆರೆ ತೂಬುಗಳು ಮತ್ತು ನೀರುಗಂಟಿಗಳು’. ನಿಮ್ಮ ದಾಖಲೆಯಲ್ಲೂ ಬದಲಿಸಿಕೊಳ್ಳಬೇಕಾಗಿ ವಿನಂತಿ. ಮೂರು ಫೈಲ್‌ಗಳಿವೆ: KS-31_R1_clean.docx, KS-31_R1_marked.docx, KS-31_R1_reply.docx.”

ಹಳೆಯ ಶೀರ್ಷಿಕೆಯನ್ನೂ ಬರೆಯುವುದು ಅನವಶ್ಯಕ ಎನ್ನಿಸಬಹುದು. ಆದರೆ ಕಚೇರಿಯ ಕಡತದಲ್ಲಿರುವುದು ಅದೇ. ಅದಿಲ್ಲದೆ ಹೊಸ ಹೆಸರಷ್ಟೇ ಕಂಡರೆ, ಹೊಸ ಲೇಖನವೊಂದು ಬಂದಿದೆ ಎಂದುಕೊಂಡು ಬೇರೆ ಸಂಖ್ಯೆ ಕೊಟ್ಟಾರು. ಸಬ್ಜೆಕ್ಟ್ ಸಾಲನ್ನು ಮುಟ್ಟದೆ, ಸಂಪಾದಕರ ಪತ್ರಕ್ಕೇ ರಿಪ್ಲೈ ಮಾಡುವುದೂ ಇದಕ್ಕೇ. ಜಿಮೇಲ್‌ನಲ್ಲಿ ಆ ಸಾಲು ಬದಲಾದರೆ ಪತ್ರ ಹಳೆಯ ಸರಣಿಯಿಂದ ಕಳಚಿಕೊಂಡು ಬೇರೆಯಾಗಿ ನಿಲ್ಲುತ್ತದೆ. ಫೈಲಿನ ಹೆಸರಿನಲ್ಲಿ ಶೀರ್ಷಿಕೆಯ ಬದಲು ಸಂಖ್ಯೆ ಇರುವುದೂ ಲಾಭವೇ: ಶೀರ್ಷಿಕೆ ಮತ್ತೆ ಬದಲಾದರೂ ಫೈಲಿನ ಹೆಸರು ಸುಳ್ಳಾಗುವುದಿಲ್ಲ.

ತಪ್ಪು ಫೈಲ್ ಹೋಗೇಬಿಟ್ಟಿತು ಅನ್ನಿ. ಜಿಮೇಲ್‌ನಲ್ಲಿ ವಾಪಸ್ ಎಳೆದುಕೊಳ್ಳಲು ಸಿಗುವುದು ಹೆಚ್ಚೆಂದರೆ 30 ಸೆಕೆಂಡು, ಅದೂ ಸೆಟ್ಟಿಂಗ್‌ನಲ್ಲಿ ಆರಿಸಿದ್ದರೆ. ಆಮೇಲೆ ಉಳಿಯುವುದು ಅದೇ ಸರಣಿಯಲ್ಲಿ ಇನ್ನೊಂದು ಪತ್ರ ಬರೆಯುವ ದಾರಿ. ಅದರಲ್ಲಿ ಎಷ್ಟು ಗಂಟೆಗೆ ಹೋದ ಪತ್ರದ ಯಾವ ಫೈಲನ್ನು ಬಿಡಬೇಕು ಎಂದು ಹೆಸರಿಸಿ, ಮೂರೂ ಫೈಲುಗಳನ್ನು ಹೊಸದಾಗಿ ಲಗತ್ತಿಸಬೇಕು. ಒಂದನ್ನೇ ಕಳಿಸಿದರೆ ಮಿಕ್ಕವು ಯಾವುವು ಎಂದು ಹುಡುಕುವ ಕೆಲಸ ಅವರ ಪಾಲಿಗೆ.

ಅಚ್ಚಿನ ಕರಡು ಬಂದಾಗಲೂ ಶೀರ್ಷಿಕೆಯನ್ನು ತಿದ್ದಬಹುದು, ಆದರೆ ಸಂಪಾದಕರ ಒಪ್ಪಿಗೆ ಬೇಕಾದೀತು. ಪ್ರಕಟವಾಗಿ ಡಿಒಐ ಸಂಖ್ಯೆ ನೋಂದಣಿಯಾದ ಮೇಲೂ ಆ ಸಂಖ್ಯೆಯ ಜೊತೆಗಿರುವ ಶೀರ್ಷಿಕೆಯ ವಿವರವನ್ನು ಪ್ರಕಾಶಕರು ಬದಲಿಸಬಲ್ಲರು, ಸಂಖ್ಯೆ ಅದೇ ಉಳಿಯುತ್ತದೆ. ಅಷ್ಟರೊಳಗೆ ಬೇರೆಯವರು ತಮ್ಮ ಗ್ರಂಥಸೂಚಿಗೆ ಇಳಿಸಿಕೊಂಡ ಹಳೆಯ ಹೆಸರನ್ನು ಮಾತ್ರ ಯಾರೂ ಹೋಗಿ ತಿದ್ದಲಾಗದು.