ಒಂಬತ್ತು ಅಂಕಿಗಳಲ್ಲಿ ಒಂದು ಮುಖದ ಬೆಳಕು

ಫೋಟೊದಲ್ಲಿರುವ ಒಬ್ಬರ ಮುಖ ತೆಗೆದು ಅಲ್ಲಿ ಇನ್ನೊಬ್ಬರ ಮುಖ ಕೂರಿಸಿದರೆ, ಕಣ್ಣು, ಮೂಗು, ಬಾಯಿ ಎಲ್ಲವೂ ಇರಬೇಕಾದ ಜಾಗದಲ್ಲೇ ಇದ್ದರೂ ನೋಡಿದವರಿಗೆ ಏನೋ ಎಡವಟ್ಟಾಗಿದೆ ಅನ್ನಿಸಿಬಿಡುತ್ತದೆ. ಅಂಚು ಸರಿಯಾಗಿ ಬೆಸೆದಿಲ್ಲವೇನೋ ಎಂದು ಹುಡುಕಿದರೆ ಅಲ್ಲೇನೂ ಕಾಣುವುದಿಲ್ಲ. ತಪ್ಪಿರುವುದು ಬೆಳಕು. ಕತ್ತು, ಕಿವಿ, ಭುಜಗಳ ಮೇಲೆ ಬಿಸಿಲು ಬಲಗಡೆಯಿಂದ ಬಿದ್ದಿದೆ. ಹೊಸ ಮುಖದ ಮೇಲೆ ಮಾತ್ರ ಎಡಗಡೆಯಿಂದ.

ಫೋಟೊ ತಿದ್ದುವುದರಲ್ಲಿ ಪಳಗಿದವರು ಇದನ್ನು ಕೈಯಿಂದಲೇ ಸರಿಮಾಡುತ್ತಾರೆ. ಒಂದು ಕೆನ್ನೆಯನ್ನು ತುಸು ತಿಳಿ ಮಾಡಿ, ಇನ್ನೊಂದನ್ನು ತುಸು ಕಪ್ಪಾಗಿಸಿ, ಕಣ್ಣಂದಾಜಿನಲ್ಲಿ ಹೊಂದಿಸುತ್ತಾರೆ. ಯಾರೂ ಕೈಹಾಕದೆ ಕಂಪ್ಯೂಟರೇ ಈ ಕೆಲಸ ಮಾಡಬೇಕಾದರೆ ಎರಡೂ ಫೋಟೊಗಳ ಬೆಳಕು ಎಂಥದು ಎಂಬುದು ಅದಕ್ಕೆ ಮೊದಲು ಗೊತ್ತಾಗಬೇಕು. ಫೋಟೊ ತೆಗೆದ ಜಾಗದಲ್ಲಿ ದೀಪ ಎಲ್ಲಿತ್ತು, ಕಿಟಕಿ ಎಷ್ಟು ದೊಡ್ಡದಿತ್ತು ಎಂದು ಕೇಳಲು ಯಾರೂ ಇರುವುದಿಲ್ಲ. ಇರುವ ಒಂದೇ ಸಾಕ್ಷಿ ಆ ಮುಖ.

2008ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಡಿಮಿಟ್ರಿ ಬಿಟೌಕ್, ನೀರಜ್ ಕುಮಾರ್, ಪೀಟರ್ ಬೆಲ್‌ಹ್ಯೂಮರ್, ಶ್ರೀ ನಾಯರ್ ಮತ್ತು ಸಂಗಡಿಗರು ಸಿಗ್ರಾಫ್ ಸಮ್ಮೇಳನದಲ್ಲಿ ಇಂಥದೊಂದು ವ್ಯವಸ್ಥೆಯನ್ನು ಮಂಡಿಸಿದರು. ಅಂತರ್ಜಾಲದಿಂದ ಇಳಿಸಿಕೊಂಡ 33,000ಕ್ಕೂ ಹೆಚ್ಚು ಮುಖಗಳ ಸಂಗ್ರಹ ಅವರ ಬಳಿ ಇತ್ತು. ಒಂದು ಫೋಟೊ ಕೊಟ್ಟರೆ ವ್ಯವಸ್ಥೆ ಅದರಲ್ಲಿರುವ ಮುಖವನ್ನು ತಾನೇ ಗುರುತಿಸಿ, ಸಂಗ್ರಹದಿಂದ ಹೊಂದುವ ಇನ್ನೊಂದು ಮುಖ ಹುಡುಕಿ, ಬೆಳಕು ಬದಲಿಸಿ ಕೂರಿಸುತ್ತಿತ್ತು. ಬೀದಿಯ ಚಿತ್ರಗಳಲ್ಲಿ ಸಿಕ್ಕಿಬಿದ್ದ ದಾರಿಹೋಕರ ಗುರುತನ್ನು, ಮುಖ ಮಸುಕು ಮಾಡದೆಯೇ ಮರೆಸುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಬೆಳಕಿನ ಲೆಕ್ಕಕ್ಕೆ ಅವರು ಬಳಸಿದ್ದು ಸ್ಫೆರಿಕಲ್ ಹಾರ್ಮೋನಿಕ್ಸ್ ಎಂಬ ಗಣಿತ. ಒಂದು ಫೋಟೊದ ಬೆಳಕನ್ನು ಅದು ಒಂಬತ್ತು ಅಂಕಿಗಳಲ್ಲಿ ಹಿಡಿದಿಡುತ್ತದೆ.

ಕೋಣೆಯೊಂದರಲ್ಲಿ ಕಿಟಕಿ, ಟ್ಯೂಬ್‌ಲೈಟ್, ಬಿಳಿ ಗೋಡೆ, ಕೆಂಪು ನೆಲ ಎಲ್ಲವೂ ಒಂದೊಂದು ದಿಕ್ಕಿನಿಂದ ಬೆಳಕು ಚೆಲ್ಲುತ್ತಿರುತ್ತವೆ. ಅಷ್ಟು ಗೋಜಲು ಬೆಳಕಿಗೆ ಬರೀ ಒಂಬತ್ತು ಅಂಕಿ ಹೇಗೆ ಸಾಕು?

ಉತ್ತರ ಇರುವುದು ಬೆಳಕಿನಲ್ಲಲ್ಲ, ಚರ್ಮದಲ್ಲಿ. ಹೊಳಪಿಲ್ಲದ ಮೈ ಎಷ್ಟು ಬೆಳಗುತ್ತದೆ ಎಂಬುದು ಅದು ಯಾವ ಕಡೆಗೆ ಮುಖಮಾಡಿದೆ ಎಂಬುದರ ಮೇಲೆ ನಿಂತಿದೆ. ಬೆಳಕಿಗೆ ನೇರವಾಗಿ ಎದುರಾದ ಭಾಗ ಪೂರ್ತಿ ಬೆಳಗುತ್ತದೆ, ಓರೆಯಾದಂತೆಲ್ಲ ಮಂಕಾಗುತ್ತದೆ. 1760ರಲ್ಲಿ ಯೋಹಾನ್ ಲ್ಯಾಂಬರ್ಟ್ ಬರೆದಿಟ್ಟ ನಿಯಮವಿದು. ಹಣೆಯ ಮೇಲಿನ ಒಂದು ಚುಕ್ಕೆ ತನ್ನ ಎದುರಿನ ಅರ್ಧ ಜಗತ್ತಿನಿಂದ ಬರುವ ಬೆಳಕನ್ನೆಲ್ಲ ಒಟ್ಟುಗೂಡಿಸಿಕೊಳ್ಳುತ್ತದೆ. ಪಕ್ಕದ ಚುಕ್ಕೆಯೂ ಹೆಚ್ಚುಕಮ್ಮಿ ಅದೇ ಅರ್ಧ ಜಗತ್ತನ್ನು ನೋಡುತ್ತಿರುತ್ತದೆ. ಹಾಗಾಗಿ ಸುತ್ತಲಿನ ಬೆಳಕು ಎಷ್ಟೇ ಚೂರುಚೂರಾಗಿದ್ದರೂ ಚರ್ಮದ ಮೇಲೆ ಅದು ಕಲಸಿಹೋಗಿ, ನಯವಾಗಿ ಏರಿಳಿಯುವ ಛಾಯೆಯಷ್ಟೇ ಉಳಿಯುತ್ತದೆ.

ಆ ಏರಿಳಿತವನ್ನು ಸ್ಫೆರಿಕಲ್ ಹಾರ್ಮೋನಿಕ್ಸ್ ಮೂರು ಮೆಟ್ಟಿಲುಗಳಲ್ಲಿ ಅಳೆಯುತ್ತದೆ. ಮೊದಲ ಅಂಕಿ ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುವ ಬೆಳಕು ಎಷ್ಟು ಎಂದು ಹೇಳುತ್ತದೆ. ಮುಂದಿನ ಮೂರು, ಎಡ–ಬಲ, ಮೇಲೆ–ಕೆಳಗೆ, ಹಿಂದೆ–ಮುಂದೆ ಬೆಳಕು ಯಾವ ಕಡೆ ವಾಲಿದೆ ಎನ್ನುತ್ತವೆ. ಕೊನೆಯ ಐದು ಇನ್ನಷ್ಟು ಸೂಕ್ಷ್ಮ: ಎಡ ಬಲ ಎರಡೂ ಕಡೆ ದೀಪವಿದ್ದು ನಡುವೆ ಮಂಕಾಗಿರುವಂಥ ಸಂದರ್ಭಗಳನ್ನು ಅವು ಹಿಡಿಯುತ್ತವೆ. ಅದರಾಚೆಗೂ ಮೆಟ್ಟಿಲುಗಳಿವೆ, ಆದರೆ ಅಲ್ಲಿ ಸಿಗುವುದು ಅಲ್ಪ. ಸ್ಟ್ಯಾನ್‌ಫರ್ಡ್‌ನ ರವಿ ರಾಮಮೂರ್ತಿ ಮತ್ತು ಪ್ಯಾಟ್ ಹ್ಯಾನ್ರಹಾನ್ ಒಂದು ಕಡೆ, ರೋನೆನ್ ಬಾಸ್ರಿ ಮತ್ತು ಡೇವಿಡ್ ಜೇಕಬ್ಸ್ ಇನ್ನೊಂದು ಕಡೆ, 2001ರ ಹೊತ್ತಿಗೆ ಇದನ್ನು ಲೆಕ್ಕಹಾಕಿ ತೋರಿಸಿದರು. ಉಬ್ಬಿದ, ಹೊಳಪಿಲ್ಲದ ವಸ್ತುವಿನ ಮೇಲೆ ಬೆಳಕು ಹೇಗೇ ಬೀಳಲಿ, ಒಂಬತ್ತು ಅಂಕಿಗಳು ಅದರ ಛಾಯೆಯ ಸುಮಾರು 98 ಪಾಲನ್ನು ನೂರಕ್ಕೆ ಹಿಡಿದೇ ಹಿಡಿಯುತ್ತವೆ.

ಈಗ ಆ ಅಂಕಿಗಳನ್ನು ಮುಖದಿಂದ ಹೊರತೆಗೆಯುವ ಬಗೆ. ಮುಖದ ಪ್ರತಿ ಚುಕ್ಕೆಯೂ ಯಾವ ದಿಕ್ಕಿಗೆ ತಿರುಗಿದೆ ಎಂದು ಗೊತ್ತಿರಬೇಕು. ಹಲಸಿನ ಹಣ್ಣಿನ ಮುಳ್ಳುಗಳು ಒಂದೊಂದೂ ತಾನಿರುವ ಜಾಗದಿಂದ ನೆಟ್ಟಗೆ ಹೊರಕ್ಕೆ ಚಾಚಿರುವಂತೆ, ಮುಖದ ಪ್ರತಿ ಚುಕ್ಕೆಯಿಂದಲೂ ಹೊರಟ ಒಂದು ಗೆರೆಯನ್ನು ಕಲ್ಪಿಸಿಕೊಳ್ಳಬಹುದು. ಇದಕ್ಕೆ ನಾರ್ಮಲ್ ಎಂದು ಹೆಸರು. ಫೋಟೊದಲ್ಲಿರುವವರ ಮುಖದ ನಿಜವಾದ ಉಬ್ಬುತಗ್ಗು ಕಂಪ್ಯೂಟರಿಗೆ ಗೊತ್ತಿಲ್ಲ. ಕೊಲಂಬಿಯಾ ತಂಡ ಸರಾಸರಿ ಮುಖವೊಂದರ ಆಕಾರವನ್ನೇ ಎಲ್ಲರಿಗೂ ಬಳಸಿತು. ಛಾಯೆ ನಯವಾಗಿ ಬದಲಾಗುವುದರಿಂದ ಮೂಗು ಸ್ವಲ್ಪ ಮೊಂಡಾದರೂ ಚೂಪಾದರೂ ಲೆಕ್ಕ ಬಹಳ ಕೆಡುವುದಿಲ್ಲ. ಚರ್ಮದ ಬಣ್ಣವನ್ನೂ ಮುಖದ ತುಂಬ ಒಂದೇ ಎಂದು ಇಟ್ಟುಕೊಂಡರು. ಹೀಗೆ ಸಾವಿರಾರು ಚುಕ್ಕೆಗಳಿಂದ ಸಾವಿರಾರು ಸಮೀಕರಣಗಳು ಸಿಗುತ್ತವೆ, ಕಂಡುಹಿಡಿಯಬೇಕಾದವು ಒಂಬತ್ತೇ. ಒಟ್ಟು ತಪ್ಪು ಅತಿ ಕಡಿಮೆಯಾಗುವ ಒಂಬತ್ತನ್ನು ಆರಿಸಿದರಾಯಿತು. ಕೆಂಪು, ಹಸಿರು, ನೀಲಿಗೆ ಬೇರೆಬೇರೆಯಾಗಿ ಮಾಡಿದರೆ 27.

ಬೆಳಕು ಬದಲಿಸುವ ಕೆಲಸಕ್ಕೆ ಇದಾದ ಮೇಲೆ ಭಾಗಾಕಾರ ಗೊತ್ತಿದ್ದರೆ ಸಾಕು. ಹೊಸ ಮುಖದ ಪ್ರತಿ ಚುಕ್ಕೆಯನ್ನೂ ಅದರ ಹಳೆಯ ಬೆಳಕಿನ ಛಾಯೆಯಿಂದ ಭಾಗಿಸಿ, ಬೇಕಾದ ಫೋಟೊದ ಬೆಳಕಿನ ಛಾಯೆಯಿಂದ ಗುಣಿಸಬೇಕು.

ಲೆಕ್ಕವನ್ನು ಸರಳ ಮಾಡಿ, ಎಡ–ಬಲದ ವಾಲಿಕೆಯೊಂದನ್ನೇ ತೆಗೆದುಕೊಂಡು ನೋಡೋಣ. ಚಿತ್ರದಲ್ಲಿ ಎಡಕ್ಕೆ ಕಾಣುವ ಕೆನ್ನೆಯ ಮೇಲೆ ಎಡಗಡೆಯಿಂದ ಬೆಳಕು ಬಿದ್ದ ಮುಖವೊಂದಿದೆ. ಅದರ ಎಡಗೆನ್ನೆಯ ಛಾಯೆ 0.8, ಬಲಗೆನ್ನೆಯದು 0.2. ಅದನ್ನು ಕೂರಿಸಬೇಕಾದ ಫೋಟೊದಲ್ಲಿ ಬೆಳಕು ಬಲಗಡೆಯಿಂದ: ಎಡಗೆನ್ನೆ 0.45, ಬಲಗೆನ್ನೆ 0.75. ಎಡಗೆನ್ನೆಯ ಚುಕ್ಕೆಗಳನ್ನು 0.45 ಭಾಗಿಸು 0.8, ಅಂದರೆ ಸುಮಾರು 0.56ರಿಂದ ಗುಣಿಸಬೇಕು, ಬಲಗೆನ್ನೆಯವನ್ನು 0.75 ಭಾಗಿಸು 0.2, ಅಂದರೆ 3.75ರಿಂದ. ಬಿದ್ದ ಬೆಳಕಿನ ಅರ್ಧವನ್ನು ಮರಳಿಸುವ ಚರ್ಮವಾದರೆ ಎಡಗೆನ್ನೆ 0.40ರಿಂದ 0.225ಕ್ಕೆ ಇಳಿಯುತ್ತದೆ, ಬಲಗೆನ್ನೆ 0.10ರಿಂದ 0.375ಕ್ಕೆ ಏರುತ್ತದೆ. ಚರ್ಮದ ಅರ್ಧ ಎಂಬ ಗುಣ ಎರಡರಲ್ಲೂ ಹಾಗೆಯೇ ಉಳಿದಿದೆ. ಮಚ್ಚೆ, ಸುಕ್ಕು, ಹುಬ್ಬಿನ ಕೂದಲು ಎಲ್ಲವೂ ಅಳಿಯದೆ ಬೆಳಕು ಮಾತ್ರ ಬದಲಾಗುವುದು ಇದರಿಂದಲೇ.

ಕಾಗದದ ಮೇಲೆ ಲೆಕ್ಕ ಸರಿಯಾಯಿತು. ಫೋಟೊದಲ್ಲಿ ಆ 3.75 ಕಾಟ ಕೊಡುತ್ತದೆ. ನೆರಳಿನಲ್ಲಿದ್ದ ಕೆನ್ನೆಯ ಬಗ್ಗೆ ಕ್ಯಾಮೆರಾ ದಾಖಲಿಸಿದ್ದೇ ಕಡಿಮೆ; ಅಲ್ಲಿರುವುದರಲ್ಲಿ ಹೆಚ್ಚು ಪಾಲು ಕಾಳುಕಾಳಾದ ಗದ್ದಲ. ಗುಣಿಸಿದಾಗ ಗದ್ದಲವೂ 3.75 ಪಟ್ಟಾಗುತ್ತದೆ. ಒಂದು ಕೆನ್ನೆ ನಯವಾಗಿ, ಇನ್ನೊಂದು ಮರಳು ಎರಚಿದಂತೆ ಕಾಣುತ್ತದೆ. ಇನ್ನೊಂದು ಎಡವಟ್ಟೂ ಇದೆ. ಫೋಟೊ ಕಡತದಲ್ಲಿರುವ ಅಂಕಿ ಬೆಳಕಿನ ನೇರ ಅಳತೆಯಲ್ಲ. ಕಣ್ಣಿಗೆ ಒಪ್ಪುವಂತೆ ಬಾಗಿಸಿದ ಅಳತೆ. ಸಾಮಾನ್ಯ ಫೋಟೊದಲ್ಲಿ 255ರ ನಡುವಿನ 128 ಎಂದರೆ ಅರ್ಧ ಬೆಳಕಲ್ಲ, ಸುಮಾರು 22 ಪಾಲು ಮಾತ್ರ. ಬಾಗಿಸಿದ್ದನ್ನು ಮೊದಲು ನೇರಮಾಡಿಕೊಳ್ಳದೆ ಗುಣಿಸಿದರೆ ನೆರಳು ಅತಿಯಾಗಿ ಬದಲಾಗಿ ಮುಖ ಮುಖವಾಡದಂತಾಗುತ್ತದೆ.

ಆದ್ದರಿಂದಲೇ ಕೊಲಂಬಿಯಾ ತಂಡ ಸಿಕ್ಕ ಮುಖಕ್ಕೆಲ್ಲ ಬೆಳಕು ಬದಲಿಸಲು ಹೋಗಲಿಲ್ಲ. ಮುಖ ತಿರುಗಿದ ಕೋನ, ಚಿತ್ರದ ಸ್ಪಷ್ಟತೆ, ಚರ್ಮದ ಬಣ್ಣ ಹೊಂದುವವನ್ನು ಮೊದಲು ಆರಿಸಿ, ಅವುಗಳಲ್ಲಿ ಬೆಳಕಿನ ಅಂಕಿಗಳೂ ಹತ್ತಿರವಿರುವವನ್ನು ಮಾತ್ರ ಉಳಿಸಿಕೊಂಡರು. ಮೇಲಿನ ಲೆಕ್ಕದಲ್ಲೇ, ಎಡಗೆನ್ನೆ 0.46, ಬಲಗೆನ್ನೆ 0.64 ಇರುವ ಮುಖ ಸಿಕ್ಕಿದ್ದರೆ ಗುಣಿಸಬೇಕಾದದ್ದು 0.98 ಮತ್ತು 1.17ರಿಂದ. ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ತಿದ್ದುಪಡಿ. ಸಂಗ್ರಹದ ಪ್ರತಿ ಮುಖವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಯೂ ಇಟ್ಟಿದ್ದರು. ತಿರುಗಿಸಿದಾಗ ಎಡದ ಬೆಳಕು ಬಲಕ್ಕೆ ಬರುವುದರಿಂದ ಹೊಂದುವ ಮುಖ ಸಿಗುವ ಸಾಧ್ಯತೆ ಹೆಚ್ಚುತ್ತಿತ್ತು. ಕೆಲಸದ ಬಹುಪಾಲು ಹುಡುಕಾಟದಲ್ಲೇ ಮುಗಿದು, ಗಣಿತಕ್ಕೆ ಉಳಿಯುತ್ತಿದ್ದುದು ಕೊನೆಯ ಒಪ್ಪ.

ಒಂಬತ್ತು ಅಂಕಿಗಳಿಗೆ ಕಾಣದ ಸಂಗತಿಗಳೂ ಇವೆ. ಮೂಗಿನ ನೆರಳು ತುಟಿಯ ಮೇಲೆ ಬೀಳುವುದು, ಟೋಪಿಯ ಅಂಚು ಹಣೆಯನ್ನು ಎರಡಾಗಿ ಸೀಳುವುದು ಲೆಕ್ಕದೊಳಗೆ ಬರುವುದಿಲ್ಲ, ಏಕೆಂದರೆ ಅಲ್ಲಿ ಬೆಳಕನ್ನು ನಿರ್ಧರಿಸುವುದು ಚುಕ್ಕೆ ತಿರುಗಿದ ದಿಕ್ಕಲ್ಲ, ದಾರಿಗೆ ಅಡ್ಡ ನಿಂತ ವಸ್ತು. ಬೆವರಿದ ಹಣೆಯ ಹೊಳಪೂ ಹಾಗೆಯೇ. ಲ್ಯಾಂಬರ್ಟ್ ನಿಯಮ ಅದನ್ನು ಒಪ್ಪುವುದಿಲ್ಲ. ಗಡ್ಡವಿದ್ದರೆ ಮುಖದ ಕೆಳಭಾಗದ ಕಪ್ಪನ್ನು ಕಂಪ್ಯೂಟರ್ ಕೂದಲೆಂದು ತಿಳಿಯದೆ, ಬೆಳಕು ಮೇಲಿನಿಂದ ಬಂದಿದೆ ಎಂದು ಓದಿಕೊಳ್ಳಬಹುದು. ಇದಕ್ಕಿಂತ ಆಳದ ತೊಡಕು ಇನ್ನೊಂದು. ಫೋಟೊದಲ್ಲಿ ಕಾಣುವುದು ಮುಖದ ಮುಂಭಾಗ ಮಾತ್ರ. ಸುತ್ತಲಿನಿಂದ ಸಮನಾಗಿ ಬಂದ ಬೆಳಕಿಗೂ ಎದುರಿನಿಂದ ಬಂದ ಬೆಳಕಿಗೂ ವ್ಯತ್ಯಾಸ ಹೇಳಬೇಕಿದ್ದ ಹಿಂಭಾಗ ಚಿತ್ರದಲ್ಲೇ ಇಲ್ಲ. ಹಾಗಾಗಿ ಒಂಬತ್ತರಲ್ಲಿ ಕೆಲವು ಅಂಕಿಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ದಟ್ಟ ಚರ್ಮದ ಮೇಲೆ ಪ್ರಖರ ಬೆಳಕೋ, ತಿಳಿ ಚರ್ಮದ ಮೇಲೆ ಮಂದ ಬೆಳಕೋ ಎಂಬುದೂ ಒಂದೇ ಫೋಟೊದಿಂದ ತೀರ್ಮಾನವಾಗುವುದಿಲ್ಲ.

ಬದಲಿಸಿದ ಮುಖವನ್ನು ಕಣ್ಣಿನಿಂದಲೇ ಪರೀಕ್ಷಿಸುವವರಿಗೆ ಈ ಮಿತಿಗಳೇ ಸುಳಿವು. ಕೆನ್ನೆಗಳ ಛಾಯೆ ಬೆಳಕು ಬಲದಲ್ಲಿದೆ ಎನ್ನುತ್ತಿದ್ದರೆ ಮೂಗಿನ ನೆರಳೂ ಬಲಕ್ಕೇ ಚಾಚಿರಬಾರದು. ಕಣ್ಣಿನ ಕರಿಗುಡ್ಡೆಯಲ್ಲಿ ಹೊಳೆಯುವ ಬಿಳಿ ಚುಕ್ಕೆ, ಕೆನ್ನೆ ಹೇಳುವ ದಿಕ್ಕಿಗೆ ಒಪ್ಪಬೇಕು. ಗುಣಾಕಾರದಿಂದ ಆ ಚುಕ್ಕೆ ಕೊಂಚ ಮಂಕೋ ತಿಳಿಯೋ ಆದೀತು, ಜಾಗ ಮಾತ್ರ ಬದಲಿಸದು.

ಪತ್ತೆದಾರಿಕೆಗೂ ಇದೇ ಗಣಿತ ಬಂದಿದೆ. ಡಾರ್ಟ್‌ಮತ್ ಕಾಲೇಜಿನಲ್ಲಿದ್ದ ಹ್ಯಾನಿ ಫರೀದ್ ಮತ್ತು ಮೈಕಾ ಜಾನ್ಸನ್ 2007ರಲ್ಲಿ, ಫೋಟೊದಲ್ಲಿರುವ ವ್ಯಕ್ತಿಗಳ ಅಂಚಿನ ಗೆರೆಗಳಿಂದಲೇ ಬೆಳಕಿನ ಅಂಕಿಗಳನ್ನು ತೆಗೆದು ಹೋಲಿಸುವ ವಿಧಾನ ಕೊಟ್ಟರು. ಅಂಚಿನಲ್ಲಿ ಚುಕ್ಕೆಗಳೆಲ್ಲ ಕ್ಯಾಮೆರಾಕ್ಕೆ ಅಡ್ಡವಾಗಿ ತಿರುಗಿರುವುದರಿಂದ ಅಲ್ಲಿ ಸಿಗುವುದು ಒಂಬತ್ತಲ್ಲ, ಐದು. 2010ರಲ್ಲಿ ಫರೀದ್ ಮತ್ತು ಎರಿಕ್ ಕೀ ಮುಖದ ಮೂರು ಆಯಾಮದ ಮಾದರಿ ಹೊಂದಿಸಿ ಪೂರ್ತಿ ಒಂಬತ್ತನ್ನೂ ಅಳೆದರು. ಒಂದೇ ಫೋಟೊದಲ್ಲಿ ಅಕ್ಕಪಕ್ಕ ನಿಂತ ಇಬ್ಬರ ಅಂಕಿಗಳು ತೀರಾ ಬೇರೆಯಾಗಿದ್ದರೆ ಅವರು ಒಂದೇ ಬೆಳಕಿನಲ್ಲಿ ನಿಂತಿರಲಿಲ್ಲ ಎಂದರ್ಥ. ಆದರೆ ಕೊಲಂಬಿಯಾ ಬಗೆಯ ವ್ಯವಸ್ಥೆ ಹೊಂದಿಸುವುದೂ ಈ ಅಂಕಿಗಳನ್ನೇ. ಅದು ತನ್ನ ಕೆಲಸ ಚೆನ್ನಾಗಿ ಮಾಡಿದ್ದಲ್ಲಿ ಈ ಪರೀಕ್ಷೆ ಮೌನವಾಗುತ್ತದೆ. ಆಗ ಮತ್ತೆ ಮೂಗಿನ ನೆರಳು, ಕಣ್ಣಿನ ಹೊಳಪು, ಕೆನ್ನೆಯ ಗದ್ದಲಗಳತ್ತಲೇ ನೋಡಬೇಕಾಗುತ್ತದೆ.