ಟ್ಯಾಗ್ ಮಾಡಿದ್ದು ಗೆಳೆಯ, ಮುಖ ಮಾತ್ರ ನಿಮ್ಮದು

2021ರ ನವೆಂಬರ್‌ನಲ್ಲಿ ಫೇಸ್‌ಬುಕ್ ನೂರು ಕೋಟಿಗೂ ಹೆಚ್ಚು ಜನರ ಮುಖದ ಮಾಹಿತಿಯನ್ನು ಅಳಿಸಿಹಾಕುವುದಾಗಿ ಹೇಳಿತು. ಆದರೆ ಯಾರ ಆಲ್ಬಮ್‌ನಿಂದಲೂ ಒಂದೇ ಒಂದು ಫೋಟೊ ಕಾಣೆಯಾಗಲಿಲ್ಲ. ಅಳಿಸಲು ಹೊರಟಿದ್ದು ಫೋಟೊಗಳನ್ನಲ್ಲ, ಅವುಗಳಿಂದ ತೆಗೆದಿಟ್ಟುಕೊಂಡಿದ್ದ ಅಂಕಿಗಳನ್ನು.

2010ರ ಕೊನೆಗೆ ಶುರುವಾದ ‘ಟ್ಯಾಗ್ ಸಜೆಷನ್’ ಅನೇಕರಿಗೆ ನೆನಪಿರಬಹುದು. ಫೋಟೊ ಹಾಕಿದ ಕೂಡಲೇ ‘ಇವರು ಇಂಥವರೇ?’ ಎಂದು ಹೆಸರು ಸೂಚಿಸುತ್ತಿತ್ತು. ಅದರ ಹಿಂದೆ ನಡೆಯುತ್ತಿದ್ದುದು ಇಷ್ಟು: ತಂತ್ರಾಂಶ ಮೊದಲು ಫೋಟೊದಲ್ಲಿ ಮುಖಗಳೆಲ್ಲಿವೆ ಎಂದು ಹುಡುಕುತ್ತದೆ. ಓರೆಯಾಗಿದ್ದರೆ ನೇರ ಮಾಡಿಕೊಂಡು, ಆ ಮುಖವನ್ನು ಒಂದು ಉದ್ದನೆಯ ಅಂಕಿಸಾಲಾಗಿ ಬದಲಿಸುತ್ತದೆ. ಒಬ್ಬರದೇ ಎರಡು ಫೋಟೊಗಳ ಅಂಕಿಗಳು ಹತ್ತಿರ ಹತ್ತಿರ ಬರುತ್ತವೆ, ಬೇರೆಯವರದು ದೂರ ಉಳಿಯುತ್ತವೆ. ಎಷ್ಟು ಹತ್ತಿರವಾದರೆ ‘ಇವರೇ’ ಎನ್ನಬೇಕೆಂಬ ಗಡಿಯನ್ನು ಕಂಪನಿಯೇ ಹಾಕಿಕೊಳ್ಳುತ್ತದೆ. ಗಡಿ ಸಡಿಲವಾದರೆ ಅಕ್ಕನ ಫೋಟೊಗೆ ತಂಗಿಯ ಹೆಸರು ಬರುತ್ತದೆ.

ಹೋಲಿಸಿ ನೋಡಲು ಮಾದರಿಯೊಂದು ಬೇಕಲ್ಲ? ಆ ಮಾದರಿಗೆ ಟೆಂಪ್ಲೇಟ್ ಎನ್ನುತ್ತಾರೆ. ನಿಮ್ಮ ಪ್ರೊಫೈಲ್ ಚಿತ್ರದ ಜೊತೆಗೆ, ನಿಮ್ಮನ್ನು ಟ್ಯಾಗ್ ಮಾಡಿದ್ದ ಫೋಟೊಗಳಿಂದ ಅದು ತಯಾರಾಗುತ್ತಿತ್ತು. ಅಂದರೆ ಕಾಲೇಜು ಪ್ರವಾಸದ ಚಿತ್ರಕ್ಕೆ ಗೆಳೆಯ ತಮಾಷೆಗೆಂದು ನಿಮ್ಮ ಹೆಸರು ಅಂಟಿಸಿದರೂ, ಕಂಪನಿಗೆ ನಿಮ್ಮ ಮುಖದ ಪಾಠ ಹೇಳಿಕೊಟ್ಟಂತೆಯೇ. ಗುಂಡಿ ಒತ್ತಿದವನು ಅವನು, ದಾಖಲಾದವರು ನೀವು. ಬೇಡವೆಂದರೆ ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಬಹುದಿತ್ತು, ನಿಜ. ಆದರೆ ಹೀಗೊಂದು ನಡೆಯುತ್ತಿದೆ ಎಂದೇ ಗೊತ್ತಿಲ್ಲದವರು ಆಫ್ ಮಾಡುವುದೆಲ್ಲಿಂದ ಬಂತು?

ಕಂಪನಿ ಎಡವಿದ್ದು ಅಮೆರಿಕದ ಇಲಿನಾಯ್ ರಾಜ್ಯದ ಕಾನೂನಿಗೆ. ಅಲ್ಲಿ ಬೆರಳಚ್ಚು ಒತ್ತಿ ಹಣ ಪಾವತಿಸುವ ಸೇವೆ ಕೊಡುತ್ತಿದ್ದ ಕಂಪನಿಯೊಂದು ದಿವಾಳಿಯಾಗಿ, ಜನರ ಬೆರಳಚ್ಚು ಯಾರ ಪಾಲಾಗುತ್ತದೋ ಎಂಬ ಆತಂಕ ಎದ್ದಿತ್ತು. ಅದರ ಬೆನ್ನಿಗೇ 2008ರಲ್ಲಿ ಬಂದ ಕಾನೂನಿದು. ಫೋಟೊ ಇಟ್ಟುಕೊಳ್ಳುವುದಕ್ಕೆ ಅದರ ಅಡ್ಡಿಯಿಲ್ಲ. ಮುಖದ ಅಳತೆ ತೆಗೆಯುವುದಾದರೆ ಮಾತ್ರ ಯಾಕೆ, ಎಷ್ಟು ಕಾಲ ಎಂದು ಬರಹದಲ್ಲಿ ತಿಳಿಸಿ, ಬರಹದಲ್ಲೇ ಒಪ್ಪಿಗೆ ಪಡೆಯಬೇಕು. ಅಜಾಗ್ರತೆಯಿಂದ ತಪ್ಪಿದರೆ 1,000 ಡಾಲರ್, ಬೇಕೆಂದೇ ತಪ್ಪಿದರೆ 5,000 ಡಾಲರ್ ಪರಿಹಾರ. ಅದನ್ನು ಕೇಳಲು ನೊಂದ ವ್ಯಕ್ತಿಯೇ ಕೋರ್ಟಿಗೆ ಹೋಗಬಹುದು. ಈ ಕೊನೆಯ ಮಾತೇ ಕಾನೂನಿಗೆ ಹಲ್ಲು ಕೊಟ್ಟಿದ್ದು.

2015ರಲ್ಲಿ ದಾವೆ ಬಿತ್ತು. ಯಾರಿಗೂ ನಿಜವಾದ ನಷ್ಟವೇ ಆಗಿಲ್ಲವೆಂದು ಫೇಸ್‌ಬುಕ್ ವಾದಿಸಿತು. ಕೇಳದೆ ಟೆಂಪ್ಲೇಟ್ ಮಾಡಿದ್ದೇ ಖಾಸಗಿತನಕ್ಕೆ ತಟ್ಟುವ ಹಾನಿ ಎಂದು 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 65 ಕೋಟಿ ಡಾಲರ್‌ಗಳ ರಾಜಿಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು.

ಇನ್ನು ಖಾತೆಯೇ ಇಲ್ಲದವರ ಗತಿ? ಹತ್ತು ಜನರಿರುವ ಗ್ರೂಪ್ ಫೋಟೊದಲ್ಲಿ ನಿಮ್ಮನ್ನು ಗುರುತಿಸಬೇಕಾದರೆ ಉಳಿದ ಒಂಬತ್ತು ಮುಖಗಳನ್ನೂ ಅಳೆಯಲೇಬೇಕು. ಇದೂ ಕೋರ್ಟಿನ ಮೆಟ್ಟಿಲೇರಿತು. ಆ ಅಳತೆಯಿಂದ ಖಾತೆಯಿಲ್ಲದವರು ಯಾರೆಂದು ಗುರುತಿಸಲಾಗದು, ಹಾಗಾಗಿ ಕಾನೂನು ಅದಕ್ಕೆ ಅನ್ವಯಿಸದು ಎಂದು 2024ರಲ್ಲಿ ತೀರ್ಪು ಬಂತು. ತಾಂತ್ರಿಕವಾಗಿ ಸರಿಯಿರಬಹುದು, ನನಗಂತೂ ಪೂರ್ತಿ ಸಮಾಧಾನವಿಲ್ಲ.

ಇದೇ ಪ್ರಶ್ನೆ ಈಗ ನಮ್ಮ ಛತ್ರಗಳಿಗೂ ಬಂದಿದೆ. ಮದುವೆಯ ಮರುದಿನ ವಾಟ್ಸ್‌ಆ್ಯಪ್‌ನಲ್ಲಿ ಒಂದು ಲಿಂಕ್ ಬರುತ್ತದೆ: ಸೆಲ್ಫಿ ಹಾಕಿ, ನೀವಿರುವ ಫೋಟೊಗಳನ್ನೆಲ್ಲ ಪಡೆಯಿರಿ. ಸಾವಿರಾರು ಫೋಟೊ ಜಾಲಾಡುವ ಕೆಲಸ ತಪ್ಪುವುದರಿಂದ ಎಲ್ಲರಿಗೂ ಖುಷಿಯೇ. ಸೆಲ್ಫಿ ಹಾಕುವಾಗ ಒಪ್ಪಿಗೆಯ ಚೌಕಕ್ಕೆ ಟಿಕ್ ಹಾಕುತ್ತೀರಿ. ಆದರೆ ನಿಮ್ಮ ಮುಖ ಸಿಗಬೇಕಾದರೆ ಊಟದ ಪಂಕ್ತಿಯಲ್ಲಿ ಕೂತ ಅಜ್ಜಿಯಿಂದ ಹಿಡಿದು ಬಡಿಸುವ ಹುಡುಗನವರೆಗೆ ಎಲ್ಲರ ಮುಖವೂ ಅಷ್ಟರಲ್ಲೇ ಅಂಕಿಗಳಾಗಿರುತ್ತದೆ. ಅವರನ್ನು ಕೇಳಿದವರಿಲ್ಲ.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಮಟ್ಟಿನ ಬಳಕೆಗೆ ವಿನಾಯಿತಿ ಕೊಡುತ್ತದೆ. ಅತ್ತಿಗೆ ತನ್ನ ಫೋನಿನಲ್ಲಿ ತೆಗೆದು ಇಟ್ಟುಕೊಂಡ ಚಿತ್ರಕ್ಕೆ ಯಾವ ತಕರಾರೂ ಇಲ್ಲ. ವ್ಯಾಪಾರಕ್ಕಾಗಿ ಮುಖ ಅಳೆಯುವ ಕಂಪನಿಗೆ ಆ ರಿಯಾಯಿತಿ ಸಿಗುವುದು ಕಷ್ಟ. 18 ವರ್ಷದೊಳಗಿನವರಾದರೆ ತಂದೆತಾಯಿಯ ಖಚಿತ ಒಪ್ಪಿಗೆಯೂ ಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು, ಒಪ್ಪಿಗೆಯ ಕಟ್ಟಲೆಗಳಿಗೆ ಒಂದೂವರೆ ವರ್ಷದ ಗಡುವಿದೆ. ಆದರೆ ಇಲಿನಾಯ್‌ನಂತೆ ನೊಂದವರಿಗೇ ಪರಿಹಾರ ಕೊಡಿಸುವ ಏರ್ಪಾಡು ಇದರಲ್ಲಿಲ್ಲ. ದಂಡ ಬಿದ್ದರೆ ಅದು ಸರ್ಕಾರದ ಖಜಾನೆಗೆ.

ಹಾಗಾಗಿ ಫೋಟೊಗ್ರಾಫರಿಗೆ ಮುಂಗಡ ಕೊಡುವಾಗಲೇ ಕೇಳುವುದು ಒಳ್ಳೆಯದು: ಲಿಂಕ್ ಎಷ್ಟು ದಿನ ಇರುತ್ತದೆ, ಯಾರ ಸರ್ವರಿನಲ್ಲಿ, ಮಕ್ಕಳ ಫೋಟೊಗಳನ್ನು ಮುಖ ಹುಡುಕಾಟದಿಂದ ಹೊರಗಿಡಬಹುದೇ? ‘ಡಿಲೀಟ್ ಮಾಡ್ತೀವಿ ಸಾರ್’ ಎಂದರೆ ಫೋಟೊ ಮಾತ್ರವೋ ಮುಖದ ಅಂಕಿಗಳೂ ಸೇರಿಯೋ ಎಂದು ಇನ್ನೊಮ್ಮೆ ಕೇಳಿ. ಅವರಿಗೆ ಗೊತ್ತಿರದಿದ್ದರೆ, ಆ್ಯಪ್ ಕಂಪನಿಯಿಂದ ಬರಹದಲ್ಲಿ ಉತ್ತರ ತರಿಸಿಕೊಡಲು ಹೇಳಿ.